384 ಎಂಬ ಮೂಢನಂಬಿಕೆ

ಸಮೀಕ್ಷೆ ಮಾಡಿ ಬರೆದ ಪಿಎಚ್‌ಡಿ ಪ್ರಬಂಧಗಳ ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ಅಧ್ಯಯನ ಕ್ಷೇತ್ರದ ಒಟ್ಟು ಜನ ಇಷ್ಟು, ಇಂಥವರ ಸೂತ್ರದ ಪ್ರಕಾರ ಮಾದರಿ ಗಾತ್ರ ಇಷ್ಟು. ಅದರ ಕೆಳಗೆ ಒಂದು ಸಾಲಿನ ಲೆಕ್ಕ, ಅದರ ಕೊನೆಗೆ 370, 384, 385 ಅಥವಾ 400 ಎಂಬ ಸಂಖ್ಯೆ. ವಿಷಯ ಗ್ರಾಹಕರ ತೃಪ್ತಿಯಿರಲಿ, ಶಿಕ್ಷಕರ ಒತ್ತಡವಿರಲಿ, ರೈತರ ಸಾಲವಿರಲಿ, ಉತ್ತರ ಮಾತ್ರ ಅದೇ ಆಸುಪಾಸಿನಲ್ಲಿ ಬಂದು ನಿಲ್ಲುತ್ತದೆ. ನೀವು ಏನನ್ನು ಅಳೆಯಲು ಹೊರಟಿದ್ದೀರಿ ಎಂದು ಆ ಸೂತ್ರ ಕೇಳಿರುವುದಿಲ್ಲ. ಗೈಡ್ ಕೇಳಿರುವುದಿಲ್ಲ. ವೈವಾದಲ್ಲಿ ಪರೀಕ್ಷಕರೂ ಕೇಳುವುದಿಲ್ಲ, ಸೂತ್ರದ ಹೆಸರು ಹೇಳಿದರೆ ತಲೆಯಾಡಿಸಿ ಮುಂದಿನ ಪುಟ ತಿರುಗಿಸುತ್ತಾರೆ. ಇದನ್ನು ಸಣ್ಣ ತಪ್ಪು, ವಿದ್ಯಾರ್ಥಿಗಳ ಅನುಕೂಲಕ್ಕೆ ಮಾಡಿಕೊಂಡ ಸರಳೀಕರಣ ಎಂದು ಬಿಟ್ಟುಬಿಡುವವರಿದ್ದಾರೆ. ನಾನು ಹಾಗೆ ಬಿಡಲಾರೆ. ಒಟ್ಟು ಜನಸಂಖ್ಯೆಯೊಂದನ್ನೇ ಕೇಳಿ ಮಾದರಿ ಗಾತ್ರ ಹೇಳುವ ಈ ಸೂತ್ರಗಳು ಸಮೀಕ್ಷೆಯ ಮೂಲ ಪ್ರಶ್ನೆಯನ್ನೇ ಮರೆಸುತ್ತವೆ. ಸಾವಿರಾರು ಜನರ ಸಮಯವನ್ನು ವ್ಯರ್ಥ ಮಾಡುತ್ತವೆ, ಇಲ್ಲದ ನಿಖರತೆಯನ್ನು ಇದೆ ಎಂದು ನಂಬಿಸುತ್ತವೆ. ಅವು ವಿಶ್ವವಿದ್ಯಾಲಯಗಳಿಂದ ಹೊರಗೆ ಹೋಗಬೇಕು.

ಚಲಾವಣೆಯಲ್ಲಿರುವವು ಮುಖ್ಯವಾಗಿ ಮೂರು. ಒಂದು, ಸ್ಲೋವಿನ್ ಸೂತ್ರ ಎಂದು ಕರೆಯುವಂಥದ್ದು. ಎರಡು, ತಾರೋ ಯಮಾನೆ ಅವರ 1967ರ ಸಂಖ್ಯಾಶಾಸ್ತ್ರ ಪಠ್ಯಪುಸ್ತಕದ ಹೆಸರಲ್ಲಿ ಉಲ್ಲೇಖವಾಗುವ ಸೂತ್ರ. ರೂಪದಲ್ಲಿ ಇವೆರಡೂ ಒಂದೇ. ಮೂರನೆಯದು 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಪ್ರಕಟಿಸಿದ ಕೋಷ್ಟಕ. ಅದರಲ್ಲಿ ಸೂತ್ರವನ್ನು ಹಚ್ಚುವ ಕಷ್ಟವೂ ಇಲ್ಲ. ಎಡಗಡೆ ಒಟ್ಟು ಸಂಖ್ಯೆ ಹುಡುಕಿದರೆ ಬಲಗಡೆ ಮಾದರಿ ಸಿಗುತ್ತದೆ: ಸಾವಿರಕ್ಕೆ 278, ಹತ್ತು ಸಾವಿರಕ್ಕೆ 370, ಹತ್ತು ಲಕ್ಷಕ್ಕೆ 384. ಮೊದಲನೆಯದರ ಚರಿತ್ರೆಯೇ ಆತಂಕ ಹುಟ್ಟಿಸುವಂಥದ್ದು. ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯಾದ ವಿದ್ಯಾರ್ಥಿಗಳು ದಶಕಗಳಿಂದ ಬಳಸುತ್ತ ಬಂದ ಈ ಸೂತ್ರದ ಸ್ಲೋವಿನ್ ಯಾರು ಎಂಬುದೇ ಖಚಿತವಿಲ್ಲ. ಅವರ ಮೊದಲ ಹೆಸರು ಒಂದೊಂದು ಕಡೆ ಒಂದೊಂದು ಬಗೆಯಾಗಿ ಅಚ್ಚಾಗಿದೆ. ಸೂತ್ರವನ್ನು ಸಾಧಿಸಿ ತೋರಿಸಿದ ಮೂಲ ಪ್ರಬಂಧವನ್ನು ಯಾರೂ ಮುಂದಿಟ್ಟಿಲ್ಲ. ಫಿಲಿಪ್ಪೀನ್ಸ್‌ನ ತೇಹಾದಾ ಮತ್ತು ಪುನ್ಸಾಲಾನ್ ಎಂಬ ಇಬ್ಬರು 2012ರಲ್ಲಿ ತಮ್ಮ ದೇಶದ ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಇದರ ದುರ್ಬಳಕೆಯ ಬಗ್ಗೆಯೇ ಲೇಖನ ಬರೆದರು. ಸಮಷ್ಟಿಯ ಒಂದು ಶೇಕಡಾವಾರನ್ನು ಅಂದಾಜು ಮಾಡುವಾಗ, ಶೇ. 95 ವಿಶ್ವಾಸಮಟ್ಟದಲ್ಲಿ, ಆ ಶೇಕಡಾವಾರು 50ರ ಆಸುಪಾಸಿನಲ್ಲಿದ್ದಾಗ ಮಾತ್ರ ಇದು ಹೊಂದುತ್ತದೆ ಎಂಬುದು ಅವರ ತೀರ್ಮಾನ. ಆ ತೀರ್ಮಾನ ಬಂದು ಹತ್ತಕ್ಕೂ ಹೆಚ್ಚು ವರ್ಷ ಕಳೆದರೂ ಸೂತ್ರದ ಬಳಕೆ ನಿಂತಿಲ್ಲ. ಮೂಲ ಗೊತ್ತಿಲ್ಲದ ಒಂದು ಉಲ್ಲೇಖವನ್ನು ಸಾಹಿತ್ಯ ಸಮೀಕ್ಷೆಯ ಅಧ್ಯಾಯದಲ್ಲಿ ಒಪ್ಪದ ವಿಶ್ವವಿದ್ಯಾಲಯ, ವಿಧಾನದ ಅಧ್ಯಾಯದಲ್ಲಿ ಅದನ್ನೇ ಹೇಗೆ ಒಪ್ಪುತ್ತದೆ?

ಹೆಸರಿನ ಮಾತು ಬಿಡೋಣ, ಸೂತ್ರವನ್ನೇ ಬಿಚ್ಚಿ ನೋಡೋಣ. ಅದು ಹೀಗಿದೆ:

n = N / (1 + Ne²)

ಇಲ್ಲಿ N ಎಂದರೆ ಒಟ್ಟು ಸಂಖ್ಯೆ, e ಎಂದರೆ ನಾವು ಸಹಿಸಿಕೊಳ್ಳಲು ಸಿದ್ಧವಿರುವ ತಪ್ಪಿನ ಅಂಚು, n ಎಂದರೆ ಮಾದರಿ ಗಾತ್ರ. ನೋಡಲು ಇದು ಯಾವ ಊಹೆಯನ್ನೂ ಮಾಡಿಕೊಳ್ಳದ ಸೂತ್ರ. ಆದರೆ ಊಹೆಗಳು ಇಲ್ಲಿ ಇಲ್ಲದೇ ಇಲ್ಲ, ಅಳಿಸಿಹೋಗಿವೆ. ಒಂದು ಶೇಕಡಾವಾರನ್ನು ಅಂದಾಜು ಮಾಡಲು ಬೇಕಾದ ಮಾದರಿಯ ನಿಜವಾದ ಲೆಕ್ಕದಲ್ಲಿ ಮೂರು ಅಂಶಗಳಿರುತ್ತವೆ. ಮೊದಲನೆಯದು ವಿಶ್ವಾಸಮಟ್ಟಕ್ಕೆ ತಕ್ಕ ಗುಣಕ. ಶೇ. 95ಕ್ಕೆ ಅದು 1.96, ಅದನ್ನು 2 ಎಂದು ಹಿಡಿದರೆ ವರ್ಗ 4. ಎರಡನೆಯದು ಸಮಷ್ಟಿಯೊಳಗಿನ ವ್ಯತ್ಯಾಸ, ಅಂದರೆ ಹೌದು ಎನ್ನುವವರ ಪಾಲನ್ನು ಇಲ್ಲ ಎನ್ನುವವರ ಪಾಲಿನಿಂದ ಗುಣಿಸಿದಾಗ ಬರುವ ಗುಣಲಬ್ಧ. ಅರ್ಧಕ್ಕರ್ಧ ಎಂದು ಹಿಡಿದರೆ ಅದು 0.25. ಮೂರನೆಯದು ತಪ್ಪಿನ ಅಂಚಿನ ವರ್ಗ, ಅದರಿಂದ ಭಾಗಿಸಬೇಕು. ಈಗ 4 ಮತ್ತು 0.25 ಗುಣಿಸಿ ನೋಡಿ: ಒಂದು ಬರುತ್ತದೆ. ಒಂದರಿಂದ ಗುಣಿಸಿದರೆ ಬರೆಯುವ ಅಗತ್ಯವಿಲ್ಲ, ಹಾಗಾಗಿ ವಿಶ್ವಾಸಮಟ್ಟವೂ ವ್ಯತ್ಯಾಸವೂ ಕಾಗದದ ಮೇಲಿನಿಂದ ಮಾಯವಾದವು. ಉಳಿದದ್ದು ಒಂದನ್ನು e² ಇಂದ ಭಾಗಿಸಿದ ಸಂಖ್ಯೆ. ಶೇ. 5ರ ಅಂಚಿಗೆ ಅದು 400. ಅದಕ್ಕೆ ಸೀಮಿತ ಸಮಷ್ಟಿಯ ತಿದ್ದುಪಡಿಯನ್ನು ಹಚ್ಚಿದರೆ ಮೇಲಿನ ಸೂತ್ರ ಸಿದ್ಧ. ಯಮಾನೆ ಅವರ ಸೂತ್ರದ ಬುನಾದಿ ಇದೇ ಊಹೆಗಳು. ಕ್ರೆಜ್ಸಿ ಮತ್ತು ಮಾರ್ಗನ್ ತಮ್ಮ ಊಹೆಗಳನ್ನು ಬಿಡಿಸಿಯೇ ಹೇಳಿದ್ದರು. ಅವರ ಕೋಷ್ಟಕವನ್ನು ಹರಿದುಕೊಂಡು ಬಂದವರು ಆ ಸಾಲುಗಳನ್ನು ಹಿಂದೆಯೇ ಬಿಟ್ಟು ಬಂದರು. ಇವೆಲ್ಲದರ ಅಡಿಯಲ್ಲಿ ಇನ್ನೂ ಒಂದು ಊಹೆಯಿದೆ: ಪಟ್ಟಿಯಲ್ಲಿರುವ ಪ್ರತಿಯೊಬ್ಬರನ್ನೂ ಸಮಾನ ಅವಕಾಶ ಕೊಟ್ಟು ಚೀಟಿ ಎತ್ತಿ ಆರಿಸಲಾಗಿದೆ, ಆರಿಸಿದ ಪ್ರತಿಯೊಬ್ಬರೂ ಉತ್ತರ ಕೊಟ್ಟಿದ್ದಾರೆ ಎಂಬುದು.

ಹೀಗೆ ಬಿಚ್ಚಿದಾಗ ಮೊದಲ ಆರೋಪ ತಾನಾಗಿ ಕಣ್ಣಿಗೆ ಬೀಳುತ್ತದೆ. ಮಾದರಿ ಗಾತ್ರವನ್ನು ನಿರ್ಧರಿಸುವ ಸಂಗತಿಗಳಲ್ಲಿ ಅತ್ಯಂತ ಕಡಿಮೆ ತೂಕದ್ದು ಯಾವುದೋ ಅದೊಂದನ್ನೇ ಈ ಸೂತ್ರಗಳು ಕೇಳುತ್ತವೆ. ಶೇ. 5ರ ಅಂಚಿಟ್ಟು ಹತ್ತು ಸಾವಿರ ಜನರಿಗೆ ಲೆಕ್ಕ ಹಾಕಿದರೆ 385, ಒಂದು ಲಕ್ಷಕ್ಕೆ 399, ಕರ್ನಾಟಕದ ಆರು ಕೋಟಿಗೆ 400, ಇಡೀ ಭಾರತಕ್ಕೂ 400. ಹತ್ತು ಸಾವಿರ ದಾಟಿದ ಮೇಲೆ ಒಟ್ಟು ಸಂಖ್ಯೆ ಎಷ್ಟೇ ಏರಿದರೂ ಉತ್ತರ ಹದಿನೈದಕ್ಕಿಂತ ಹೆಚ್ಚು ಏರುವುದಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆ ಚಿಕ್ಕದೋ ದೊಡ್ಡದೋ ಎಂದು ಯಾರೂ ಕೇಳುವುದಿಲ್ಲ, ಅಗುಳು ಹಿಸುಕಿ ನೋಡುತ್ತಾರೆ. ಆ ಪರೀಕ್ಷೆ ನಂಬಲರ್ಹವಾಗುವುದು ಎಲ್ಲ ಅಗುಳೂ ಒಂದೇ ನೀರಿನಲ್ಲಿ ಒಂದೇ ಹದದಲ್ಲಿ ಕುದಿದಿದ್ದರೆ. ಮೇಲೆ ಹಸಿ, ತಳದಲ್ಲಿ ಸೀದಿದ್ದರೆ ಹಲವು ಕಡೆ ಹಿಸುಕಬೇಕು. ಹಾಗೆಯೇ ಸಮೀಕ್ಷೆಯಲ್ಲೂ ನಿರ್ಣಾಯಕವಾದದ್ದು ಜನ ಒಬ್ಬರಿಗಿಂತ ಒಬ್ಬರು ಎಷ್ಟು ಭಿನ್ನ ಎಂಬುದು. ಆ ಭಿನ್ನತೆಯ ಬಗ್ಗೆ ಚಕಾರವೆತ್ತದೆ, ಪಾತ್ರೆಯ ಅಳತೆಯೊಂದನ್ನೇ ತೆಗೆದುಕೊಂಡು ಉತ್ತರ ಕೊಡುವ ಸೂತ್ರವನ್ನು ವಿಜ್ಞಾನ ಎಂದು ಕರೆಯಬಹುದೇ?

ಒಂದು ಅಧ್ಯಯನವನ್ನು ಕಲ್ಪಿಸಿಕೊಂಡು ಕೊನೆಯವರೆಗೂ ಹಿಂಬಾಲಿಸೋಣ. ಒಂದು ತಾಲ್ಲೂಕಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರು 10,000. ಸಂಘದ ಸಾಲ ಮಹಿಳೆಯರ ಬದುಕನ್ನು ಬದಲಿಸಿದೆಯೇ ಎಂಬುದು ಸಂಶೋಧಕಿಯ ಪ್ರಶ್ನೆ. ಸೂತ್ರ ಹಾಕಿ 385 ಎಂದು ಬರೆದಿದ್ದಾರೆ. ಆಕೆಯ ಪ್ರಶ್ನಾವಳಿಯ ಮುಖ್ಯ ಅಳತೆ ಸಾಲ ಪಡೆದು ಶುರುಮಾಡಿದ ಉದ್ಯಮದಿಂದ ಬರುವ ತಿಂಗಳ ಆದಾಯ. ಅಂದರೆ ಅಂದಾಜು ಮಾಡಬೇಕಾದದ್ದು ಶೇಕಡಾವಾರನ್ನಲ್ಲ, ರೂಪಾಯಿಯ ಸರಾಸರಿಯನ್ನು. ಸೂತ್ರದಲ್ಲಿ ಹಾಕಿದ 0.05 ಎಂಬುದು ಐದು ಶೇಕಡಾ ಅಂಶ. ಅದಕ್ಕೂ ರೂಪಾಯಿಗೂ ಏನು ಸಂಬಂಧ? ಸರಾಸರಿಯನ್ನು 200 ರೂಪಾಯಿ ಹೆಚ್ಚು ಕಡಿಮೆಯೊಳಗೆ ಹಿಡಿಯಬೇಕು ಎಂದಿಟ್ಟುಕೊಳ್ಳಿ. ಆದಾಯದ ಮಾನಕ ವಿಚಲನೆ 1,000 ರೂಪಾಯಿ ಇದ್ದರೆ 96 ಜನ ಸಾಕು. ಅದೇ 4,000 ರೂಪಾಯಿ ಇದ್ದರೆ ತಿದ್ದುಪಡಿ ಮಾಡಿದ ಮೇಲೂ 1,300ಕ್ಕೂ ಹೆಚ್ಚು ಜನ ಬೇಕು. ಹೈನುಗಾರಿಕೆಯಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಹರಡಿದ ಆದಾಯಗಳಲ್ಲಿ ಇಂಥ ಅಂತರ ಅಸಹಜವೇನಲ್ಲ. ಒಂದೇ ತಾಲ್ಲೂಕು, ಒಂದೇ 10,000 ಜನ. ಅಗತ್ಯ ಮಾತ್ರ 96ರಿಂದ 1,300ರವರೆಗೆ ಹಿಗ್ಗುತ್ತದೆ. ಸೂತ್ರ ಎರಡಕ್ಕೂ 385 ಎಂದೇ ಹೇಳುತ್ತದೆ. ಮೊದಲನೆಯದರಲ್ಲಿ ಸುಮಾರು 290 ಮಹಿಳೆಯರನ್ನು ಕೆಲಸ ಬಿಡಿಸಿ ಕೂರಿಸಿಕೊಂಡದ್ದು ಸುಮ್ಮನೆ, ಎರಡನೆಯದರಲ್ಲಿ ಕೂರಿಸಿಕೊಂಡವರಿಂದ ಬಂದ ಉತ್ತರ ಸಾಲದು.

ಅದೇ ಸಂಶೋಧಕಿ ಮುಂದಿನ ಅಧ್ಯಾಯದಲ್ಲಿ ಹೋಲಿಕೆಗೆ ಇಳಿಯುತ್ತಾರೆ. ಎಲ್ಲರೂ ಹೋಲಿಕೆಗೇ ಇಳಿಯುತ್ತಾರೆ, ಏಕೆಂದರೆ ಪ್ರಾಕ್ಕಲ್ಪನೆಗಳನ್ನು ಪರೀಕ್ಷಿಸದ ಪ್ರಬಂಧಕ್ಕೆ ನಮ್ಮಲ್ಲಿ ಬೆಲೆಯಿಲ್ಲ. ಸಾಲ ಪಡೆದವರಲ್ಲಿ ಶೇ. 50 ಮಂದಿ ಮನೆ ಖರ್ಚಿನ ನಿರ್ಧಾರದಲ್ಲಿ ಪಾಲುಗೊಳ್ಳುತ್ತಾರೆ, ಪಡೆಯದವರಲ್ಲಿ ಶೇ. 40 ಮಂದಿ ಮಾತ್ರ ಎಂಬುದು ತಾಲ್ಲೂಕಿನ ನಿಜಸ್ಥಿತಿ ಎಂದುಕೊಳ್ಳಿ. ಹತ್ತು ಅಂಶಗಳ ಈ ವ್ಯತ್ಯಾಸ ಸಣ್ಣದಲ್ಲ, ಒಂದು ಯೋಜನೆಯ ಹಣೆಬರಹ ಬದಲಿಸಬಲ್ಲದು. ವ್ಯತ್ಯಾಸ ಇರುವಾಗ ಅದನ್ನು ಪತ್ತೆ ಹಚ್ಚುವ ಸಾಮರ್ಥ್ಯ ಶೇ. 80ರಷ್ಟಾದರೂ ಇರಬೇಕು ಎಂಬುದು ಒಪ್ಪಿತವಾದ ರೂಢಿ. ಅದಕ್ಕೆ ಪ್ರತಿ ಗುಂಪಿನಲ್ಲೂ ಸುಮಾರು 390 ಜನ ಬೇಕು, ಒಟ್ಟು 780ರ ಹತ್ತಿರ. 385 ಜನರನ್ನು ಎರಡು ಗುಂಪಿಗೆ ಸಮನಾಗಿ ಹಂಚಿದರೆ ಆ ಸಾಮರ್ಥ್ಯ ಶೇ. 50ರ ಸುತ್ತ ಬಂದು ನಿಲ್ಲುತ್ತದೆ. ಇಲ್ಲದ್ದನ್ನು ಇದೆ ಎನ್ನುವ ತಪ್ಪಿಗೆ ಮಾತ್ರ ಹೆದರುವ ನಾವು, ಇರುವುದನ್ನು ಕಾಣದೇ ಹೋಗುವ ಈ ತಪ್ಪನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಸಾಲ ಕೆಲಸ ಮಾಡುತ್ತಿರುವಾಗಲೂ ಈ ಅಧ್ಯಯನ ಎರಡರಲ್ಲಿ ಒಂದು ಸಲ ‘ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ’ ಎಂದು ಬರೆಯುತ್ತದೆ. ಆ ವಾಕ್ಯವನ್ನು ಓದಿದ ಅಧಿಕಾರಿ ಸಾಲದಿಂದ ಪ್ರಯೋಜನವಿಲ್ಲ ಎಂದು ಅರ್ಥ ಮಾಡಿಕೊಂಡರೆ ತಪ್ಪು ಯಾರದು? ಪರಿಶಿಷ್ಟ ಪಂಗಡದ ಮಹಿಳೆಯರನ್ನು ಪ್ರತ್ಯೇಕವಾಗಿ ನೋಡಲು ಹೊರಟರೆ ಸ್ಥಿತಿ ಇನ್ನೂ ಕಷ್ಟ. ಅವರು ಶೇ. 15ರಷ್ಟಿದ್ದರೆ ಮಾದರಿಯಲ್ಲಿ ಬರುವವರು 58 ಜನ, ಅವರ ಬಗೆಗಿನ ಅಂದಾಜಿನ ಅಂಚು ಐದಲ್ಲ, ಹದಿಮೂರು ಅಂಶ.

ಇನ್ನು ಆಯ್ಕೆಯ ರೀತಿ. 10,000 ಜನರ ಪಟ್ಟಿಯಿಂದ ಚೀಟಿ ಎತ್ತಿ, ತಾಲ್ಲೂಕಿನ ಮೂಲೆ ಮೂಲೆಗೆ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುವವರು ಇಲ್ಲವೆಂದೇ ಹೇಳಬೇಕು. ಸಾಮಾನ್ಯವಾಗಿ 20 ಹಳ್ಳಿ ಆರಿಸಿ, ಹಳ್ಳಿಗೆ ಹತ್ತೊಂಬತ್ತೋ ಇಪ್ಪತ್ತೋ ಜನರನ್ನು ಮಾತಾಡಿಸುತ್ತಾರೆ. ಅದರಲ್ಲಿ ತಪ್ಪಿಲ್ಲ, ದೊಡ್ಡ ಸಮೀಕ್ಷೆಗಳೂ ಹೀಗೆಯೇ ನಡೆಯುತ್ತವೆ. ಆದರೆ ಒಂದೇ ಹಳ್ಳಿಯವರು ಒಬ್ಬರನ್ನೊಬ್ಬರು ಹೋಲುತ್ತಾರೆ. ಅದೇ ಬ್ಯಾಂಕ್ ಶಾಖೆ, ಅದೇ ಮಾರುಕಟ್ಟೆ, ಅದೇ ಮಳೆ. ಇಪ್ಪತ್ತನೆಯ ಮಹಿಳೆ ಹೇಳುವುದರಲ್ಲಿ ಹೊಸದು ಕಡಿಮೆ. ಸಮೀಕ್ಷಾ ಶಾಸ್ತ್ರದಲ್ಲಿ ಇದನ್ನು ಡಿಸೈನ್ ಎಫೆಕ್ಟ್ ಎನ್ನುತ್ತಾರೆ, ಲೆಸ್ಲಿ ಕಿಶ್ 1965ರ ತಮ್ಮ ಪುಸ್ತಕದಲ್ಲಿ ಇದನ್ನು ನೆಲೆಗೊಳಿಸಿದರು. ಹಳ್ಳಿಯೊಳಗಿನ ಹೋಲಿಕೆಯ ಅಳತೆ 0.1 ಎಂದು ಹಿಡಿದು, ಹಳ್ಳಿಗೆ 19 ಜನರಂತೆ ಲೆಕ್ಕ ಹಾಕಿದರೆ ಈ ಪರಿಣಾಮ 2.8. ಅಂದರೆ 385 ಜನರ ಮಾಹಿತಿ ಚೀಟಿ ಎತ್ತಿ ಆರಿಸಿದ ಸುಮಾರು 137 ಜನರ ಮಾಹಿತಿಗೆ ಸಮ. ಪ್ರಬಂಧದಲ್ಲಿ ಬರೆದ ಐದರ ಅಂಚು ನಿಜದಲ್ಲಿ ಎಂಟೂವರೆಯ ಹತ್ತಿರ. ಸೂತ್ರದಲ್ಲಿ ಹಳ್ಳಿಗೆ ಜಾಗವೇ ಇಲ್ಲ. ಒಂದೇ ಹಳ್ಳಿಯಲ್ಲಿ 385 ಜನರನ್ನು ಮಾತಾಡಿಸಿದರೂ, 385 ಹಳ್ಳಿಗಳಲ್ಲಿ ಒಬ್ಬೊಬ್ಬರನ್ನು ಮಾತಾಡಿಸಿದರೂ ಅದರ ಪಾಲಿಗೆ ಒಂದೇ. ಹಳ್ಳಿಗಳಿಗೆ ಹೋಗದೆ, ಗೂಗಲ್ ಫಾರ್ಮ್‌ನ ಲಿಂಕ್ ಅನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಿ, 385 ಉತ್ತರ ಬಂದ ತಕ್ಷಣ ನಿಲ್ಲಿಸುವವರ ಗತಿಯಂತೂ ಇನ್ನೂ ಕೆಟ್ಟದ್ದು. ಅಲ್ಲಿ ಯಾದೃಚ್ಛಿಕ ಆಯ್ಕೆಯೇ ಇಲ್ಲವಾದ್ದರಿಂದ ತಪ್ಪಿನ ಅಂಚು ಎಂಬ ಮಾತಿಗೇ ಅರ್ಥವಿಲ್ಲ.

ಸಂಖ್ಯೆ ತುಂಬಿದರೆ ಸಾಕು ಎನ್ನುವವರಿಗೆ 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯೇ ಉತ್ತರ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮತಚೀಟಿ ಅಂಚೆಯಲ್ಲಿ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು, ರೂಸ್‌ವೆಲ್ಟ್ ಶೇ. 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ವಿಳಾಸಗಳನ್ನು ಆರಿಸಿದ್ದು ಬಹುಮಟ್ಟಿಗೆ ಕಾರು ಮತ್ತು ಟೆಲಿಫೋನ್ ಇದ್ದವರ ಪಟ್ಟಿಗಳಿಂದ. ಚೀಟಿ ಹಿಂದಿರುಗಿಸಿದವರು ಹಿಂದಿರುಗಿಸದವರಿಗಿಂತ ಭಿನ್ನರಾಗಿದ್ದರು. 20 ಲಕ್ಷ ಉತ್ತರಗಳೂ ಸರಿಪಡಿಸಲಾರದ ದೋಷವನ್ನು 384 ಉತ್ತರಗಳು ಸರಿಪಡಿಸುತ್ತವೆಯೇ?

e ಅಕ್ಷರದ ಸುತ್ತ ಬೆಳೆದಿರುವ ಗೊಂದಲ ಬೇರೆಯದೇ ಹಾನಿ ಮಾಡುತ್ತಿದೆ. ಅದು ತಪ್ಪಿನ ಅಂಚು. ಆದರೆ ಪ್ರಬಂಧಗಳಲ್ಲಿ ಅದನ್ನು ‘ಶೇ. 5 ಮಹತ್ವಮಟ್ಟ’ ಎಂದೋ, ‘ಶೇ. 95 ವಿಶ್ವಾಸಮಟ್ಟ, ಆದ್ದರಿಂದ e ಎಂದರೆ 0.05’ ಎಂದೋ ವಿವರಿಸುತ್ತಾರೆ. ಎರಡೂ ಬೇರೆ ಬೇರೆ ಸಂಗತಿಗಳು. ಅಂಚು ಎಂದರೆ ಉತ್ತರ ನಿಜಕ್ಕೆ ಎಷ್ಟು ಹತ್ತಿರವಿರಬೇಕು ಎಂಬುದು. ವಿಶ್ವಾಸಮಟ್ಟ ಎಂದರೆ ಇದೇ ರೀತಿ ನೂರು ಸಲ ಮಾದರಿ ತೆಗೆದರೆ ಎಷ್ಟು ಸಲ ಅಷ್ಟು ಹತ್ತಿರ ಬರುತ್ತೇವೆ ಎಂಬುದು. ಇವೆರಡನ್ನು ಬೆರೆಸಿದವರು ಶೇ. 99 ವಿಶ್ವಾಸ ಬೇಕೆನಿಸಿದಾಗ e ಜಾಗಕ್ಕೆ 0.01 ಹಾಕುತ್ತಾರೆ. 10,000 ಜನರಿಗೆ ಸೂತ್ರ ಆಗ 5,000 ಎನ್ನುತ್ತದೆ. ಅಂಚನ್ನು ಐದರಲ್ಲೇ ಇಟ್ಟು ವಿಶ್ವಾಸವನ್ನು ಮಾತ್ರ 99ಕ್ಕೆ ಏರಿಸಿದರೆ ನಿಜವಾಗಿ ಬೇಕಾದದ್ದು ಸುಮಾರು 620. ತೊಂಬತ್ತು ಸಾಕು ಎನ್ನುವವರು 0.10 ಹಾಕಿ 99 ಜನರಿಗೆ ಇಳಿಸುತ್ತಾರೆ. ಅಲ್ಲಿ ನಿಜವಾದ ಅಗತ್ಯ ಸುಮಾರು 260. ವಿಶ್ವಾಸಮಟ್ಟ ಸೂತ್ರದೊಳಗೆ ಕಣ್ಣಿಗೆ ಕಾಣುವಂತಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ. ಅದನ್ನು ಅಳಿಸಿಹಾಕಿದ್ದರಿಂದಲೇ ಜನ ಅದನ್ನು ಸಿಕ್ಕ ಅಕ್ಷರದಲ್ಲಿ ಹುಡುಕುತ್ತಿದ್ದಾರೆ.

ಈ ಸೂತ್ರಗಳ ಪರವಾಗಿ ಹೇಳುವ ಮಾತುಗಳಲ್ಲಿ ಗಟ್ಟಿಯಾದದ್ದು ಒಂದಿದೆ. ಅರ್ಧಕ್ಕರ್ಧ ಎಂಬ ಊಹೆಯಲ್ಲಿ ವ್ಯತ್ಯಾಸ ಅತಿ ಹೆಚ್ಚು, ಹಾಗಾಗಿ ಸೂತ್ರ ಕೊಡುವ ಸಂಖ್ಯೆ ಸುರಕ್ಷಿತ, ನಿಜದಲ್ಲಿ ಅದಕ್ಕಿಂತ ಕಡಿಮೆಯೇ ಸಾಕಾಗುತ್ತದೆ ಎಂಬುದು. ಒಂದೇ ಒಂದು ಶೇಕಡಾವಾರು, ಚೀಟಿ ಎತ್ತಿದ ಆಯ್ಕೆ, ಐದು ಅಂಶಗಳ ಅಂಚು ಇದ್ದಾಗ ಈ ಮಾತು ಸರಿ. ಆ ಗೆರೆ ದಾಟಿದರೆ ಸರಿಯಲ್ಲ. ಸರಾಸರಿಗೆ, ಹೋಲಿಕೆಗೆ, ಹಳ್ಳಿವಾರು ಆಯ್ಕೆಗೆ ಅದು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ ಎಂದು ಮೇಲೆ ನೋಡಿದೆವು. ಶೇಕಡಾವಾರಿನಲ್ಲೂ ಅದು ಅಪರೂಪದ ಸಂಗತಿಗಳ ಎದುರು ಸೋಲುತ್ತದೆ. ಶೇ. 2 ಜನರಿಗಿರುವ ಕಾಯಿಲೆಯನ್ನು ಐದು ಅಂಶ ಹೆಚ್ಚು ಕಡಿಮೆ ಎಂದು ಅಳೆದರೆ ಏನು ತಿಳಿಯುತ್ತದೆ? 385 ಜನರಲ್ಲಿ ಎಂಟು ರೋಗಿಗಳು ಸಿಗಬಹುದು. ಅದನ್ನು ಅರ್ಧ ಅಂಶದೊಳಗೆ ಹಿಡಿಯಬೇಕಾದರೆ ದೊಡ್ಡ ಸಮಷ್ಟಿಯಲ್ಲಿ 3,000 ಜನ ಬೇಕು. ಸುರಕ್ಷಿತ ಎಂಬ ಹೆಸರಲ್ಲಿ ನಾವು ಒಪ್ಪಿಕೊಂಡಿರುವುದು ಒಂದು ಕಿರಿದಾದ ಸನ್ನಿವೇಶದ ಸುರಕ್ಷತೆಯನ್ನು ಮಾತ್ರ.

ಎರಡನೆಯ ಸಮರ್ಥನೆ, ವ್ಯತ್ಯಾಸ ಎಷ್ಟಿದೆ ಎಂದು ಅಧ್ಯಯನಕ್ಕೆ ಮುಂಚೆ ಹೇಗೆ ಗೊತ್ತಾಗಬೇಕು ಎಂಬುದು. ಈ ಪ್ರಶ್ನೆಗೆ ಉತ್ತರ ನಮ್ಮ ದೇಶದಲ್ಲೇ ಇದೆ, ಅದೂ ಸ್ವಾತಂತ್ರ್ಯಕ್ಕಿಂತ ಹಳೆಯದು. ಪಿ. ಸಿ. ಮಹಾಲನೋಬಿಸ್ 1937ರಲ್ಲಿ ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಮಾದರಿ ಸಮೀಕ್ಷೆಯಿಂದ ಅಂದಾಜಿಸಲು ಹೊರಟಾಗ ಮೊದಲು ಒಂದು ಸಣ್ಣ ಪ್ರದೇಶದಲ್ಲಿ ಪ್ರಯೋಗ ಮಾಡಿದರು. ಅಲ್ಲಿ ಸಿಕ್ಕ ವ್ಯತ್ಯಾಸವನ್ನು ಅಳೆದರು, ಒಂದೊಂದು ತುಂಡು ನೆಲಕ್ಕೆ ಹೋಗಿ ಅಳೆದು ಬರಲು ತಗಲುವ ಖರ್ಚು ಮತ್ತು ಸಮಯವನ್ನೂ ಲೆಕ್ಕವಿಟ್ಟರು. ತುಂಡು ಎಷ್ಟು ದೊಡ್ಡದಿರಬೇಕು, ಎಷ್ಟು ತುಂಡು ಬೇಕು ಎಂಬುದನ್ನು ಆ ಎರಡು ಲೆಕ್ಕಗಳಿಂದ ನಿರ್ಧರಿಸಿ, ವರ್ಷದಿಂದ ವರ್ಷಕ್ಕೆ ಸಮೀಕ್ಷೆಯನ್ನು ಹಿಗ್ಗಿಸುತ್ತ ಹೋದರು. ಇದರ ವಿವರ 1944ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಸಾಧ್ಯವಾದದ್ದು ಇಂದು ಏಕೆ ಅಸಾಧ್ಯ? ಸಂಶೋಧಕರು ಪ್ರಶ್ನಾವಳಿ ಪರೀಕ್ಷಿಸಲು ಹೇಗೂ 30, 40 ಜನರ ಪೈಲಟ್ ಅಧ್ಯಯನ ಮಾಡುತ್ತಾರೆ. ಅದರಿಂದ ವಿಶ್ವಾಸಾರ್ಹತೆಯ ಗುಣಾಂಕ ತೆಗೆದು ಬರೆದು, ಪಕ್ಕದಲ್ಲೇ ಕೂತಿರುವ ಮಾನಕ ವಿಚಲನೆಯನ್ನು ಬಿಸಾಡುತ್ತಾರೆ. ಅದನ್ನು ಎತ್ತಿಕೊಳ್ಳುವುದಷ್ಟೇ ಕೆಲಸ. ಇದೇ ವಿಷಯದ ಹಿಂದಿನ ಪ್ರಬಂಧಗಳಲ್ಲಿ ಕೋಷ್ಟಕಗಳಿವೆ, ಸರ್ಕಾರಿ ಸಮೀಕ್ಷೆಗಳ ವರದಿಗಳಿವೆ, ಅವೂ ವ್ಯತ್ಯಾಸದ ಅಂದಾಜು ಕೊಡುತ್ತವೆ.

ಮೂರನೆಯ ಮಾತು, ವಿದ್ಯಾರ್ಥಿಯ ಬಳಿ ಅಷ್ಟು ಹಣವೂ ಕಾಲವೂ ಇಲ್ಲ ಎಂಬುದು. ನಿಜ, ಇಲ್ಲ. ಆದರೆ ಹಣವಿಲ್ಲದ ಸಂಗತಿಯನ್ನು ಹೇಳಿಕೊಳ್ಳಲು ಸೂತ್ರ ಏಕೆ ಬೇಕು? 200 ಜನರನ್ನು ಮಾತ್ರ ತಲುಪಲು ಸಾಧ್ಯವಾಯಿತು, ಈ ಸಂಖ್ಯೆಯಿಂದ ಇಷ್ಟು ದೊಡ್ಡ ವ್ಯತ್ಯಾಸ ಮಾತ್ರ ಕಾಣಬಲ್ಲದು, ಅದಕ್ಕಿಂತ ಸಣ್ಣದರ ಬಗ್ಗೆ ಈ ಅಧ್ಯಯನ ಏನೂ ಹೇಳಲಾರದು ಎಂದು ಬರೆದರೆ ಅದು ಗೌರವಯುತವಾದ ವಿಜ್ಞಾನ. ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳುವ ದಾರಿಯೂ ಇದೆ: ಏಳು ಪ್ರಾಕ್ಕಲ್ಪನೆಗಳ ಬದಲು ಒಂದು, ತಾಲ್ಲೂಕಿನ ಬದಲು ನಾಲ್ಕು ಗ್ರಾಮ ಪಂಚಾಯಿತಿ. ಕೈಲಾದಷ್ಟು ಮಾಡಿ ಅದಕ್ಕೆ ಯಮಾನೆಯವರ ಹೆಸರು ಅಂಟಿಸುವುದು ಓದುಗರಿಗೆ ಮಾಡುವ ವಂಚನೆ. ಆ ವಂಚನೆಯನ್ನು ಎಳೆಯ ಸಂಶೋಧಕರಿಗೆ ಕಲಿಸುತ್ತಿರುವುದು ನಮ್ಮ ವ್ಯವಸ್ಥೆಯೇ.

ದೊಡ್ಡ ಸಮೀಕ್ಷೆಗಳನ್ನು ನಡೆಸುವವರು ಏನು ಮಾಡುತ್ತಾರೆ ಎಂದು ನೋಡಿದರೆ ಸೂತ್ರದ ಬಡತನ ಪೂರ್ತಿ ಬಯಲಾಗುತ್ತದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 707 ಜಿಲ್ಲೆಗಳ 6,36,699 ಕುಟುಂಬಗಳನ್ನು ತಲುಪಿತು. ಸೂತ್ರದ ಪ್ರಕಾರ ಇಡೀ ದೇಶಕ್ಕೆ 400 ಸಾಕಿತ್ತು. ಹಾಗಾದರೆ ಉಳಿದ ಆರು ಲಕ್ಷ ಮನೆಗಳ ಬಾಗಿಲು ತಟ್ಟಿದ್ದು ಏಕೆ? ಪ್ರತಿ ಜಿಲ್ಲೆಗೂ ಪ್ರತ್ಯೇಕ ಅಂದಾಜು ಬೇಕಿತ್ತು. ಬೀದರಿನ ಮಕ್ಕಳ ಲಸಿಕೆಯ ಸ್ಥಿತಿಯನ್ನು ದಕ್ಷಿಣ ಕನ್ನಡದ ಸರಾಸರಿ ಹೇಳಲಾರದು. ಲಸಿಕೆಯ ಪ್ರಶ್ನೆ ಇಂಥದೇ ವಯಸ್ಸಿನ ಮಕ್ಕಳಿರುವ ಮನೆಗಳಿಗೆ ಮಾತ್ರ ಅನ್ವಯಿಸುವುದರಿಂದ ನೂರಾರು ಮನೆ ನೋಡಿದರೆ ಅಂಥ ಮಕ್ಕಳು ಕೆಲವೇ ಸಿಗುತ್ತಾರೆ. ಆಯ್ಕೆಯಾದ ಪ್ರತಿ ಹಳ್ಳಿ ಅಥವಾ ನಗರ ಬ್ಲಾಕ್‌ನಲ್ಲಿ 22 ಕುಟುಂಬಗಳಂತೆ ಗುಂಪುಗಟ್ಟಿ ಆರಿಸಿದ್ದರಿಂದ ಡಿಸೈನ್ ಎಫೆಕ್ಟ್‌ಗೂ ಜಾಗ ಬಿಡಬೇಕಿತ್ತು. ಹೀಗೆ ಲೆಕ್ಕ ಹಾಕುತ್ತ ಹೋದಾಗ ಜಿಲ್ಲೆಗೆ ಸರಾಸರಿ 900 ಕುಟುಂಬ ಬಂತು. ಜಿಲ್ಲೆಯ ಜನಸಂಖ್ಯೆ ಎಷ್ಟು ಎಂಬುದು ಈ ಲೆಕ್ಕದಲ್ಲಿ ಹಿಂದಿನ ಸಾಲಿನಲ್ಲಿ ಕೂತಿತ್ತು. ಮುಂದೆ ನಿಂತದ್ದು ಏನು ತಿಳಿಯಬೇಕು, ಯಾರ ಬಗ್ಗೆ, ಎಷ್ಟು ನಿಖರವಾಗಿ ಎಂಬ ಮೂರು ಪ್ರಶ್ನೆಗಳು.

ಹಾಗಾಗಿ ಬದಲಾಗಬೇಕಾದದ್ದು ಸ್ಪಷ್ಟ. ಸಂಶೋಧನಾ ವಿಧಾನದ ಪಠ್ಯಕ್ರಮದಿಂದ ಈ ಸೂತ್ರ ಮತ್ತು ಕೋಷ್ಟಕಗಳನ್ನು ಅಧ್ಯಯನ ಮಂಡಳಿಗಳು ತೆಗೆಯಬೇಕು. ಇಟ್ಟುಕೊಳ್ಳುವುದಾದರೆ ಅವುಗಳ ಪ್ರತಿಯೊಂದು ಊಹೆಯನ್ನೂ ಬಿಡಿಸಿ, ಎಲ್ಲಿ ಮುರಿಯುತ್ತವೆ ಎಂದು ತೋರಿಸುವ ಪಾಠವಾಗಿ ಮಾತ್ರ ಇಟ್ಟುಕೊಳ್ಳಬೇಕು. ಸಿನಾಪ್ಸಿಸ್ ಒಪ್ಪಿಸುವ ಹಂತದಲ್ಲೇ ಸಂಶೋಧಕರಿಂದ ಲಿಖಿತ ಉತ್ತರ ಕೇಳಬೇಕು: ನಿಮ್ಮ ಮುಖ್ಯ ಅಳತೆ ಯಾವುದು, ಶೇಕಡಾವಾರೋ ಸರಾಸರಿಯೋ ಹೋಲಿಕೆಯೋ? ಎಷ್ಟು ಸಣ್ಣ ವ್ಯತ್ಯಾಸ ನಿಮಗೆ ಮುಖ್ಯ? ಜನರ ನಡುವಿನ ಭಿನ್ನತೆಯ ಅಂದಾಜು ಎಲ್ಲಿಂದ ಬಂತು? ಹಳ್ಳಿ, ಶಾಲೆ, ಕಾರ್ಖಾನೆ ಎಂದು ಗುಂಪುಗಳನ್ನು ಆರಿಸುತ್ತೀರಾದರೆ ಅದಕ್ಕೆ ಎಷ್ಟು ಹೆಚ್ಚಿಸಿದಿರಿ? ಉತ್ತರ ಕೊಡದವರಿಗಾಗಿ ಎಷ್ಟು ಸೇರಿಸಿದಿರಿ? ಒಂದು ಪುಟದಲ್ಲಿ ಮುಗಿಯುವ ಉತ್ತರ ಇದು. ಆ ಪುಟ ಇಲ್ಲದ ಪ್ರಬಂಧವನ್ನು, 384 ಎಂಬ ಸಂಖ್ಯೆಯನ್ನು ಕೋಷ್ಟಕದಿಂದ ಎತ್ತಿ ತಂದ ಪ್ರಬಂಧವನ್ನು, ಪರೀಕ್ಷಕರು ತಿದ್ದುಪಡಿಗೆ ವಾಪಸು ಕಳಿಸಬೇಕು. ಗೈಡ್‌ಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಮುಂದಿನ ಸಲ ವಿದ್ಯಾರ್ಥಿ ಬಂದು ಸ್ಯಾಂಪಲ್ ಸೈಜ್ ಎಷ್ಟು ತೆಗೆದುಕೊಳ್ಳಲಿ ಎಂದು ಕೇಳಿದಾಗ, ಒಟ್ಟು ಜನಸಂಖ್ಯೆ ಎಷ್ಟು ಎಂದು ಕೇಳಬೇಡಿ, ಏನನ್ನು ಅಳೆಯುತ್ತೀಯ ಎಂದು ಕೇಳಿ.